ರಾತ್ರಿಯ ಬಾಕಿ ಲೆಕ್ಕ: ನಿನ್ನೆಯ ಶಿಲ್ಕು ಮುಂದೆ ತರೋದಾ, ಮೊದಲಿಂದ ಕೂಡೋದಾ?

ತೋಟದಂಚು (ಶಿರಸಿ)

ಶಿರಸಿ ಕಡೆಯ ಒಂದು ಸೊಸೈಟಿಗೆ ನಾನು ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಸುಮಾರು 3200 ಸದಸ್ಯರು. ಅಡಿಕೆ ವಿಕ್ರಿಯ ಜಮಾ, ಸಾಲದ ಕಂತು, ಕಿರಾಣಿ ಉದ್ರಿ, ಗೊಬ್ಬರ, ಎಲ್ಲವೂ `vyavahara` ಅಂತ ಒಂದೇ ಟೇಬಲ್‌ಗೆ ಬೀಳುತ್ತವೆ. ಈಗ ಅದರಲ್ಲಿ 9 ಲಕ್ಷ ಸಾಲು ಇದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್.

ರಾತ್ರಿ 11ಕ್ಕೆ ಒಂದು ಸ್ಕ್ರಿಪ್ಟ್ ಓಡುತ್ತದೆ. ಪ್ರತಿ ಸದಸ್ಯನ ಬಾಕಿ, ಅಂದರೆ ಜಮಾದಲ್ಲಿ ಖರ್ಚು ಕಳೆದು ಅವರ ಹೆಸರಿನಲ್ಲಿ ಉಳಿದದ್ದು, ಎಷ್ಟು ಅಂತ `baki` ಎನ್ನುವ ಚಿಕ್ಕ ಟೇಬಲ್‌ನಲ್ಲಿ ಇದೆ. ಕೊನೆಯ ಸಲ ಎಲ್ಲಿಯವರೆಗೆ ಓದಿದ್ದೆ ಎನ್ನುವ ನಂಬರ್ ಕೂಡ ಇದೆ. ಅಲ್ಲಿಂದ ಮುಂದಿನ ಸಾಲುಗಳನ್ನು ಮಾತ್ರ ಓದಿ ಕೂಡಿಸುತ್ತದೆ:

```python
rows = fetch("SELECT id, sadasya, jama, kharchu "
             "FROM vyavahara WHERE id > %s ORDER BY id", last_id)
for r in rows:
    add_to_baki(r)
    commit()
save_last_id(rows[-1].id)
commit()
```

ಬೆಳಿಗ್ಗೆ 7ಕ್ಕೆ ವ್ಯವಹಾರ ಮಾಡಿದವರಿಗೆ ಬಾಕಿಯ ಎಸ್‌ಎಂಎಸ್ ಹೋಗುತ್ತದೆ.

ಕಳೆದ ವಾರ ಒಬ್ಬ ಹಿರಿಯ ಸದಸ್ಯರು ಪಾಸ್‌ಬುಕ್ ಹಿಡಿದುಕೊಂಡು ಕೌಂಟರಿಗೆ ಬಂದರು. ಎಸ್‌ಎಂಎಸ್‌ನಲ್ಲಿ ಬಂದ ಬಾಕಿ, ಅವರೇ ಕೈಯಲ್ಲಿ ಕೂಡಿಸಿದ್ದಕ್ಕಿಂತ ₹16,200 ಜಾಸ್ತಿ ಇತ್ತು. ತಮಗೆ ಜಾಸ್ತಿ ತೋರಿಸುತ್ತಿದೆ ಅಂತ ಹೇಳುವುದಕ್ಕೆ ಹನ್ನೆರಡು ಕಿಲೋಮೀಟರ್ ಬಂದಿದ್ದರು. ನೋಡಿದರೆ ಅವರ ಲೆಕ್ಕವೇ ಸರಿ.

ಕೂಡಲೇ ಅನಿಸಿದ್ದು, ಈ ಚಿಕ್ಕ ಟೇಬಲ್ ತೆಗೆದುಹಾಕಿ ದಿನವೂ 9 ಲಕ್ಷ ಸಾಲನ್ನೂ ಮೊದಲಿಂದ ಕೂಡಿಸಿಬಿಡೋಣ ಅಂತ. ಮಾಡಿ ನೋಡಿದೆ, 11 ನಿಮಿಷ ಹಿಡಿಯಿತು. ಸೀಸನ್‌ನಲ್ಲಿ ಸಾಲು ಇನ್ನೂ ಬೆಳೆಯುತ್ತವೆ. ನೀವೆಲ್ಲ ಏನು ಮಾಡುತ್ತೀರಿ?

ಬೈತ್ಕೋಲ್ (ಕಾರವಾರ)

ಮೊದಲು ದಿನವೂ ಬ್ಯಾಕಪ್ ತೆಗೆದಿಡಿ. ನಮ್ಮಲ್ಲಿ ಬೋಟುಗಳ ಡೀಸೆಲ್, ಐಸ್ ಲೆಕ್ಕ ಪೂರ್ತಿ ಒಂದು ಕಂಪ್ಯೂಟರ್‌ನಲ್ಲಿ ಇತ್ತು. ಎರಡು ವರ್ಷದ ಹಿಂದೆ ಡಿಸ್ಕ್ ಹೋಯಿತು. ಪುಣ್ಯಕ್ಕೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುವ ಸಮಯ, ಹೊಸ ವ್ಯವಹಾರ ಇರಲಿಲ್ಲ. ಹಳೆಯ ಬ್ಯಾಕಪ್ ಹಾಕಿಕೊಂಡು ಉಳಿದುಕೊಂಡೆವು. ನೀವೂ ರಾತ್ರಿ ಕಾಪಿ ಬೇರೆ ಕಡೆ ಕಳಿಸಿ.

ತೋಟದಂಚು (ಶಿರಸಿ)

ಬ್ಯಾಕಪ್ ಇದೆ ಅಣ್ಣ. ಆದರೆ `baki` ಟೇಬಲ್‌ನಲ್ಲಿ ಇರುವ ಸಂಖ್ಯೆಯೇ ತಪ್ಪು. ಬ್ಯಾಕಪ್‌ನಲ್ಲೂ ಅದೇ ತಪ್ಪು ಸಂಖ್ಯೆ ಕೂತಿದೆ. ಯಾವತ್ತಿನಿಂದ ತಪ್ಪಾಗಿದೆ ಎನ್ನುವುದೇ ಗೊತ್ತಾಗುತ್ತಿಲ್ಲ.

ಯಾಣದಾರಿ

`id` ಬದಲು `updated_at` ಇಟ್ಟುಕೊಳ್ಳಿ. ಸಾಲು ತಿದ್ದಿದಾಗ ಆ ಸಮಯ ಬದಲಾಗುತ್ತದೆ, ನಿಮ್ಮ ಸ್ಕ್ರಿಪ್ಟ್ ಅದನ್ನು ಮತ್ತೆ ಓದುತ್ತದೆ. ನಾನು ಮೂರು ಕಡೆ ಹೀಗೇ ಮಾಡಿದ್ದೇನೆ. ನಿಮ್ಮ ₹16,200 ಖಂಡಿತ ಯಾರೋ ಹಳೆಯ ಸಾಲು ತಿದ್ದಿದ್ದರಿಂದ ಬಂದದ್ದು.

ಅಘನಾಶಿನಿ

ಯಾಣದಾರಿ ಅವರು ಹೇಳಿದ ಕಾರಣ ಸರಿ ಇರಬಹುದು, ಮದ್ದು ಅರ್ಧ ಮಾತ್ರ. ಮೂರು ಕಾರಣ ಹೇಳುತ್ತೇನೆ.

ಒಂದು, ತಿದ್ದಿದ ಸಾಲು ಮತ್ತೆ ಓದಿದರೂ ಅದರ ಹಳೆಯ ಮೊತ್ತ ಎಷ್ಟಿತ್ತು ಎನ್ನುವುದು ನಿಮ್ಮ ಬಳಿ ಇಲ್ಲ. 63,000 ಇದ್ದದ್ದು 46,800 ಆಗಿದೆ ಅಂದುಕೊಳ್ಳಿ. ಸ್ಕ್ರಿಪ್ಟ್ ಅದನ್ನು ಹೊಸ ಸಾಲು ಅಂತ ತಿಳಿದು ಮೊದಲಿನ 63,000ದ ಮೇಲೆ ಇನ್ನೊಂದು 46,800 ಕೂಡಿಸುತ್ತದೆ. ತಪ್ಪು ಕಡಿಮೆ ಆಗುವ ಬದಲು ಬೆಳೆಯುತ್ತದೆ. ಎರಡು, ಸಾಲು ಅಳಿಸಿದರೆ `updated_at` ಕೂಡ ಅದರ ಜೊತೆಗೇ ಹೋಗುತ್ತದೆ. ನಿಮಗೆ ಸುಳಿವೇ ಸಿಗುವುದಿಲ್ಲ. ಮೂರನೆಯದು ಸ್ವಲ್ಪ ಸೂಕ್ಷ್ಮ. ಪೋಸ್ಟ್‌ಗ್ರೆಸ್‌ನಲ್ಲಿ `now()` ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಸಮಯ, ಮುಗಿದ ಸಮಯ ಅಲ್ಲ. 10:55ಕ್ಕೆ ಶುರುವಾಗಿ 11:03ಕ್ಕೆ ಕಮಿಟ್ ಆದ ಸಾಲಿನ ಮೇಲೆ 10:55 ಅಂತಲೇ ಇರುತ್ತದೆ. ನೀವು 11:00ಕ್ಕೆ ಓದಿದಾಗ ಅದು ಕಾಣಲಿಲ್ಲ. ನಾಳೆ "11:00 ನಂತರದ್ದು ಕೊಡು" ಅಂತ ಕೇಳಿದಾಗಲೂ ಬರುವುದಿಲ್ಲ.

ಈ ಮೂರನೆಯ ತೊಂದರೆ `id`ಗೂ ಇದೆ. ನಂಬರ್ ಹಂಚುವುದು ಸಾಲು ಬರೆಯುವಾಗ, ಉಳಿದವರಿಗೆ ಕಾಣುವುದು ಕಮಿಟ್ ಆದ ಮೇಲೆ. ಚಿಕ್ಕ ನಂಬರ್‌ನ ಸಾಲು ದೊಡ್ಡ ನಂಬರ್‌ನ ಸಾಲಿಗಿಂತ ತಡವಾಗಿ ಕಾಣಿಸಿಕೊಳ್ಳಬಹುದು.

ತೋಟದಂಚು ಅವರೇ, ಒಂದು ಪ್ರಶ್ನೆ. ರಾತ್ರಿ 11ರ ಹೊತ್ತಿಗೆ ಬೇರೆ ಏನಾದರೂ ಡೇಟಾಬೇಸ್‌ಗೆ ಬರೆಯುತ್ತಿರುತ್ತದಾ? ಇನ್ನೊಂದು ಪ್ರಶ್ನೆ, ಆ 11 ನಿಮಿಷದ ಲೆಕ್ಕವನ್ನು ಎಲ್ಲಿ ಮಾಡಿದಿರಿ?

ತೋಟದಂಚು (ಶಿರಸಿ)

ಹೌದು, ಬರೆಯುತ್ತದೆ. ಒಂದು ಹಳ್ಳಿ ಶಾಖೆಯಲ್ಲಿ ಹಗಲು ನೆಟ್ ನಿಲ್ಲುವುದಿಲ್ಲ. ಅವರ ದಿನದ ವ್ಯವಹಾರ ರಾತ್ರಿ ಒಟ್ಟಿಗೆ ಬರುತ್ತದೆ, 10:55ರ ಸುಮಾರಿಗೆ ಶುರು. ನೆಟ್ ನಿಧಾನ ಇದ್ದರೆ ಎಂಟು ಹತ್ತು ನಿಮಿಷ. ಅಷ್ಟೂ ಒಂದೇ ಟ್ರಾನ್ಸಾಕ್ಷನ್. ಅರ್ಧ ಬಂದು ನಿಲ್ಲಬಾರದು ಅಂತ ನಾನೇ ಹಾಗೆ ಇಟ್ಟಿದ್ದು.

ಲೆಕ್ಕ ಮಾಡಿದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ, ಅದೇ ಪೈಥಾನ್ ಸ್ಕ್ರಿಪ್ಟ್‌ಗೆ `last_id = 0` ಕೊಟ್ಟು.

ಅಘನಾಶಿನಿ

ಹಾಗಾದರೆ ಆ 11 ನಿಮಿಷ ಕೂಡಿಸುವುದಕ್ಕೆ ಹಿಡಿದ ಸಮಯ ಅಲ್ಲ. 9 ಲಕ್ಷ ಸಾಲನ್ನು ನೆಟ್‌ವರ್ಕ್ ಮೇಲೆ ಎಳೆದು, ಒಂದೊಂದಕ್ಕೂ ಒಂದು ಅಪ್‌ಡೇಟ್, ಒಂದು ಕಮಿಟ್ ಮಾಡಿದ್ದಕ್ಕೆ ಹಿಡಿದದ್ದು. 9 ಲಕ್ಷ ಕಮಿಟ್ 11 ನಿಮಿಷಕ್ಕೆ ಮುಗಿದದ್ದೇ ಹೆಚ್ಚು. ಕೂಡಿಸುವ ಕೆಲಸ ಡೇಟಾಬೇಸ್‌ಗೇ ಬಿಡಿ:

```sql
BEGIN;
DELETE FROM baki;
INSERT INTO baki (sadasya, motta)
SELECT sadasya, SUM(jama - kharchu)
FROM vyavahara GROUP BY sadasya;
COMMIT;
```

ಇಲ್ಲಿ `TRUNCATE` ಹಾಕಬೇಡಿ. ಅದು ಟೇಬಲ್‌ಗೆ ಪೂರ್ತಿ ಬೀಗ ಹಾಕುತ್ತದೆ, ಆ ಹೊತ್ತಿಗೆ ಕೌಂಟರ್‌ನವರು ಬಾಕಿ ನೋಡಲು ಹೋದರೆ ಕಾಯಬೇಕಾಗುತ್ತದೆ. 3200 ಸಾಲಿಗೆ `DELETE` ಸಾಕು. ಕಮಿಟ್ ಆಗುವವರೆಗೂ ಅವರಿಗೆ ನಿನ್ನೆಯ ಸಂಖ್ಯೆ ಕಾಣುತ್ತಿರುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಹಳೆಯದು ಹಾಗೇ ಉಳಿಯುತ್ತದೆ.

ಇದನ್ನು ನಿಜವಾದ ಟೇಬಲ್ ಮೇಲೆ ಓಡಿಸಬೇಡಿ ಈಗಲೇ. ಮೊದಲು ಹಳೆಯ `baki` ಎಲ್ಲೆಲ್ಲಿ ತಪ್ಪಿದೆ ಅಂತ ತಾಳೆ ನೋಡಿ. ಆ ತಪ್ಪುಗಳೇ ನಿಮಗೆ ಕಾರಣ ಹೇಳುತ್ತವೆ. ಅಳಿಸಿಬಿಟ್ಟರೆ ಸಾಕ್ಷಿಯೂ ಹೋಯಿತು.

ಕಿರ್ದಿಪುಸ್ತಕ

ತಮ್ಮಾ, ನನಗೆ ಈ ಕೋಡು ಪಾಡು ಬರುವುದಿಲ್ಲ. ಮೂವತ್ತೊಂದು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವನು. ಮಗಳು ಇದನ್ನು ತೋರಿಸಿದಳು, ಓದಿ ಸುಮ್ನೆ ಕೂರಲು ಆಗಲಿಲ್ಲ.

ನಾವು ದಿನವೂ ನಿನ್ನೆಯ ಶಿಲ್ಕು ಮುಂದೆ ತಂದೇ ಬರೆಯುತ್ತಿದ್ದೆವು. ಮೊದಲಿಂದ ಕೂಡುವುದಕ್ಕೆ ಯಾರಿಂದ ಸಾಧ್ಯ? ಆದರೂ ಲೆಕ್ಕ ತಪ್ಪುತ್ತಿರಲಿಲ್ಲ. ಯಾಕೆಂದರೆ ಕಿರ್ದಿಯಲ್ಲಿ ಬರೆದದ್ದನ್ನು ತಿದ್ದುವಂತಿರಲಿಲ್ಲ. ಮೊನ್ನೆ 140 ಕಿಲೋ ಅಂತ ಬರೆದದ್ದು 104 ಆಗಬೇಕಿತ್ತು ಅಂತ ಇವತ್ತು ಗೊತ್ತಾದರೆ, ಮೊನ್ನೆಯ ಪುಟ ಮುಟ್ಟುತ್ತಿರಲಿಲ್ಲ. ಇವತ್ತಿನ ತಾರೀಕಿಗೆ 36 ಕಿಲೋದ ಹಣ ಖರ್ಚು ಹಾಕಿ, ಪಕ್ಕದಲ್ಲಿ "ಇಂಥ ತಾರೀಕಿನ ತೂಕದ ಚೀಟಿ ತಪ್ಪು" ಅಂತ ಷರಾ ಬರೆಯುತ್ತಿದ್ದೆವು. ಹಿಂದಿನ ಪುಟ ಬದಲಾಗದೆ ಇದ್ದರೆ ಮಾತ್ರ ಹಿಂದಿನ ಪುಟದ ಶಿಲ್ಕನ್ನು ನಂಬಬಹುದು. ನಿನ್ನ ಕೌಂಟರ್‌ನವರು ಹಿಂದಿನ ಪುಟ ತಿದ್ದುತ್ತಿದ್ದಾರೆ, ನೀನು ಶಿಲ್ಕು ಮುಂದೆ ತರುತ್ತಿದ್ದೀಯ. ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಇನ್ನೊಂದು. 16,200 ಒಂಬತ್ತರಿಂದ ಭಾಗ ಹೋಗುತ್ತದೆ. ನಮಗೆ ವ್ಯತ್ಯಾಸ ಒಂಬತ್ತರಿಂದ ಭಾಗ ಹೋದರೆ ಮೊದಲು ಹುಡುಕುತ್ತಿದ್ದದ್ದು ಅಂಕಿ ಹಿಂದುಮುಂದಾಗಿದೆಯಾ ಅಂತ. 140 ಮತ್ತು 104 ಅಂತ ಉದಾಹರಣೆಗೆ ಸುಮ್ನೆ ಬರೆಯಲಿಲ್ಲ. 36 ಕಿಲೋ ರಾಶಿ ಅಡಿಕೆ, ಕ್ವಿಂಟಾಲ್‌ಗೆ 45,000 ಹಿಡಿದರೆ 16,200 ಆಗುತ್ತದೆ. ತೂಕದ ಚೀಟಿ ತೆಗೆದು ನೋಡು.

ತೋಟದಂಚು (ಶಿರಸಿ)

ಮಾವ, ನಮಸ್ಕಾರ. ಚೀಟಿ ತೆಗೆದು ನೋಡಿದೆ. ಚೀಟಿಯಲ್ಲಿ 104, ದರ 45,000. ಮೊದಲ ದಿನ 140 ಅಂತ ಟೈಪ್ ಆಗಿತ್ತು, ₹63,000 ಜಮಾ. ಮಾರನೇ ದಿನ ಬೆಳಿಗ್ಗೆ ಕೌಂಟರ್‌ನವರು ಅದೇ ಸಾಲನ್ನು 104, ₹46,800 ಅಂತ ತಿದ್ದಿದ್ದಾರೆ. ಆದರೆ ರಾತ್ರಿಯೇ ನನ್ನ ಸ್ಕ್ರಿಪ್ಟ್ 63,000 ಕೂಡಿಸಿಕೊಂಡು ಮುಂದೆ ಹೋಗಿತ್ತು. ನೀವು ದರ ಸಹಿತ ಹೇಳಿದ್ದೀರಿ. ನನಗೆ ಕೈ ನಡುಗಿತು.

ಅಘನಾಶಿನಿ ಅವರೇ, ಸರ್ವರ್ ಒಳಗೇ ಕೂಡಿಸಿದರೆ 3 ಸೆಕೆಂಡ್. ನಾಲ್ಕು ಸಲ ಓಡಿಸಿ ನೋಡಿದೆ. ಈ ಆರು ವರ್ಷ ಹೊಸ ಸಾಲು ಮಾತ್ರ ಓದುವ ಗೋಜಲನ್ನು ನಾನು ಕಟ್ಟಿಕೊಂಡದ್ದು 3 ಸೆಕೆಂಡ್ ಉಳಿಸಲು.

ತಾಳೆಗೆ ಹೀಗೆ ಬರೆದಿದ್ದೇನೆ, ಸರಿಯಾ?

```sql
SELECT b.sadasya, b.motta, t.motta
FROM baki b
JOIN (SELECT sadasya, SUM(jama - kharchu) AS motta
      FROM vyavahara GROUP BY sadasya) t
  ON t.sadasya = b.sadasya
WHERE b.motta <> t.motta;
```

ಅಘನಾಶಿನಿ

`JOIN` ಬದಲು `FULL JOIN` ಹಾಕಿ, `<>` ಬದಲು `IS DISTINCT FROM`. ಈಗಿರುವುದು ಎರಡೂ ಕಡೆ ಇರುವ ಸದಸ್ಯರನ್ನು ಮಾತ್ರ ತೋರಿಸುತ್ತದೆ. ಹೊಸ ಸದಸ್ಯನ ಮೊದಲ ಸಾಲೇ ತಪ್ಪಿಹೋಗಿದ್ದರೆ ಅವನು `baki`ಯಲ್ಲೇ ಇರುವುದಿಲ್ಲ. ಅಂಥವರೇ ನಮಗೆ ಬೇಕಾದವರು. ಹೊರಗಿನ `SELECT`ನಲ್ಲಿ `t.sadasya` ಕೂಡ ಸೇರಿಸಿ, ಇಲ್ಲದಿದ್ದರೆ ಅಂಥವರ ಹೆಸರಿನ ಜಾಗ ಖಾಲಿ ಬರುತ್ತದೆ.

ಮೊತ್ತದ ಕಾಲಂ ಯಾವ ಬಗೆಯದು? ಫ್ಲೋಟ್ ಆಗಿದ್ದರೆ ಕೂಡಿಸಿದ ಕ್ರಮ ಬದಲಾದರೆ ಸಾಕು, ಕೊನೆಯ ಅಂಕಿ ಬದಲಾಗುತ್ತದೆ. ಆಗ ಸಾವಿರಾರು ಸುಳ್ಳು ವ್ಯತ್ಯಾಸ ಬರುತ್ತವೆ.

ತೋಟದಂಚು (ಶಿರಸಿ)

`numeric` ಇದೆ. ನಾಳೆ ಪಟ್ಟಿ ತರುತ್ತೇನೆ.

ಗೇರುಸೊಪ್ಪೆ

ನಡುವೆ ಬಂದು ಹೇಳುತ್ತಿದ್ದೇನೆ, ಕ್ಷಮಿಸಿ. "ಯಾವಾಗಲೂ ಮೂಲದಿಂದ ಕೂಡಿ" ಅಂತ ಯಾರೂ ಇಲ್ಲಿಂದ ಕಲಿತು ಹೋಗಬಾರದು. ನನಗೆ ಅದರಿಂದ ಒಂದು ಮಳೆಗಾಲ ಪೂರ್ತಿ ಹೋಗಿದೆ.

ನಮ್ಮ ತೋಟದಲ್ಲಿ ಒಂದು ಮಳೆಮಾಪಕ ಇದೆ. ಗಂಟೆಗೊಮ್ಮೆ ಓದಿದ್ದನ್ನು ಇಟ್ಟುಕೊಳ್ಳುತ್ತದೆ, ಆದರೆ ಅದರಲ್ಲಿ ಕೊನೆಯ 7 ದಿನದ್ದು ಮಾತ್ರ ಉಳಿಯುತ್ತದೆ. ನಾನು ದಿನವೂ ಅದರಿಂದ ಓದಿ, ಜೂನ್‌ನಿಂದ ಬಿದ್ದ ಒಟ್ಟು ಮಳೆ ಅಂತ ಒಂದೇ ಸಂಖ್ಯೆ ಇಟ್ಟಿದ್ದೆ. ಔಷಧಿ ಹೊಡೆಯುವ ದಿನ ಗೊತ್ತು ಮಾಡಲು ಅಪ್ಪನಿಗೆ ಅದು ಬೇಕಿತ್ತು. ಆಗಸ್ಟ್‌ನಲ್ಲಿ ಸಂಖ್ಯೆಯ ಮೇಲೆ ಅನುಮಾನ ಬಂತು. ಇಂಥದ್ದೇ ಸಲಹೆ ಓದಿ, ಟೇಬಲ್ ಖಾಲಿ ಮಾಡಿ ಮೂಲದಿಂದ ಮತ್ತೆ ಕೂಡಿಸಿದೆ. ಮೂಲದಲ್ಲಿ ಇದ್ದದ್ದೇ ಏಳು ದಿನ. ಜೂನ್, ಜುಲೈ ಎರಡೂ ಹೋದವು. ತಪ್ಪೇ ಇದ್ದಿರಬಹುದು, ಆದರೆ ಆ ಸಂಖ್ಯೆ ಬೇರೆಲ್ಲೂ ಇರಲಿಲ್ಲ.

ಅಘನಾಶಿನಿ

ಅಕ್ಕ, ಇದು ನಾನು ಮೊದಲೇ ಹೇಳಬೇಕಾಗಿದ್ದ ಮಾತು. ಚಿಕ್ಕ ಟೇಬಲ್‌ನಲ್ಲಿ ಎರಡು ಜಾತಿಯ ವಿಷಯ ಇರುತ್ತವೆ. ಒಂದು, ಮೂಲದಿಂದ ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದಾದದ್ದು. ತೋಟದಂಚು ಅವರ ಬಾಕಿ ಮೊತ್ತ ಆ ಜಾತಿ. ಇನ್ನೊಂದು, ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ನಿಮ್ಮ ಮಳೆ ಈ ಜಾತಿ. ಎರಡೂ ನೋಡಲು ಒಂದೇ ಥರ, ಒಂದು ಸಂಖ್ಯೆ, ಒಂದು ತಾರೀಕು. ಅಳಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದನ್ನು ಈಗ ಅಳಿಸಿದರೆ ಸಂಜೆಯೊಳಗೆ ಇದೇ ಸಂಖ್ಯೆ ವಾಪಸ್ ತರಬಲ್ಲೆನಾ?

ನೀವು ಈಗ ಹೇಗೆ ಮಾಡಿದ್ದೀರಿ?

ಗೇರುಸೊಪ್ಪೆ

ಈಗ ಒಟ್ಟು ಇಡುವುದಿಲ್ಲ. ಗಂಟೆಗೊಂದು ಸಾಲು ಹಾಗೇ ತಂದು ನನ್ನ ಟೇಬಲ್‌ಗೆ ಹಾಕುತ್ತೇನೆ. ಮಾಪಕದ ಸಮಯವೇ ಕೀ. ದಿನವೂ ಏಳು ದಿನದ್ದು ಪೂರ್ತಿ ತರುತ್ತೇನೆ, ಇದ್ದದ್ದು ಮತ್ತೆ ಬಂದರೆ `ON CONFLICT DO NOTHING`. ಹಾಗಾಗಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ನಾಲ್ಕನೇ ದಿನ ತಾನಾಗಿ ತುಂಬಿಕೊಳ್ಳುತ್ತದೆ. ಒಟ್ಟು ಬೇಕಾದಾಗ ಅದರಿಂದ ಕೂಡಿಸುತ್ತೇನೆ. ಎಂಟು ದಿನ ಕರೆಂಟ್ ಹೋದರೆ ಒಂದು ದಿನದ್ದು ಹೋಗುತ್ತದೆ, ಅದಕ್ಕೆ ನನ್ನಲ್ಲಿ ಪರಿಹಾರ ಇಲ್ಲ.

ಅಘನಾಶಿನಿ

ಬಹಳ ಚೆನ್ನಾಗಿದೆ. ಮೂಲ ಉಳಿಯುವುದಿಲ್ಲ ಅಂತಾದರೆ ಮೂಲವನ್ನೇ ತಂದು ಇಟ್ಟುಕೊಳ್ಳುವುದು.

ತೋಟದಂಚು (ಶಿರಸಿ)

ಪಟ್ಟಿ ಬಂತು. 74 ಸದಸ್ಯರ ಬಾಕಿ ತಾಳೆ ಆಗುತ್ತಿಲ್ಲ. ಎರಡು ರಾತ್ರಿ ಕೂತು ಒಂದೊಂದೇ ನೋಡಿದೆ.

41 ಜನ ಅದೇ ಹಳ್ಳಿ ಶಾಖೆಯವರು. ವ್ಯತ್ಯಾಸ ಪ್ರತಿಯೊಬ್ಬರಿಗೂ ಒಂದೇ ತಾರೀಕಿನ ಅವರ ಸಾಲುಗಳಷ್ಟು. ಆ ದಿನ ಶಾಖೆಯ ಸಾಲುಗಳಿಗೆ ಸಿಕ್ಕ ನಂಬರ್ 871190ರಿಂದ 871240, ಒಟ್ಟು 51 ಸಾಲು. ಅವು 10:55ಕ್ಕೆ ಬರಲು ಶುರುವಾಗಿ 11:03ಕ್ಕೆ ಕಮಿಟ್ ಆಗಿವೆ. ಅಷ್ಟರಲ್ಲಿ ಮುಖ್ಯ ಕಚೇರಿಯಲ್ಲಿ ದಿನದ ಕೊನೆಯ ಹತ್ತು ಸಾಲು ಬರೆದಿದ್ದಾರೆ, ಅವಕ್ಕೆ 871241ರಿಂದ 871250. ಸ್ಕ್ರಿಪ್ಟ್ 11:00ಕ್ಕೆ ನೋಡಿದಾಗ ಕಂಡದ್ದು ಈ ಹತ್ತು. `last_id` 871250 ಅಂತ ಬರೆದುಕೊಂಡು ಮುಂದೆ ಹೋಯಿತು. 51 ಸಾಲನ್ನು ಅದು ಮತ್ತೆ ಯಾವತ್ತೂ ನೋಡಲಿಲ್ಲ. ಅಘನಾಶಿನಿ ಅವರು ಹೇಳಿದ್ದು ಅಕ್ಷರಶಃ ನಡೆದಿದೆ. ಉಳಿದ ದಿನ ರಾತ್ರಿ 11ಕ್ಕೆ ಮುಖ್ಯ ಕಚೇರಿಯಲ್ಲಿ ಯಾರೂ ಇರುವುದಿಲ್ಲ, ಆ ದಿನ ಸೀಸನ್ ಕೆಲಸಕ್ಕೆ ಉಳಿದುಕೊಂಡಿದ್ದರು. ಹಾಗಾಗಿ ಒಂದೇ ಸಲ.

22 ಜನರದ್ದು ಜುಲೈನ ಒಂದು ರಾತ್ರಿ. ಗಾಳಿಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಸ್ಕ್ರಿಪ್ಟ್ 26 ಸಾಲು ಕೂಡಿಸಿ ಮುಗಿಸಿತ್ತು, `last_id` ಬರೆಯುವುದು ಕೊನೆಯಲ್ಲಿ ಅಲ್ವಾ, ಅದು ಆಗಲಿಲ್ಲ. ಮಾರನೇ ರಾತ್ರಿ ಆ 26 ಸಾಲು ಎರಡನೇ ಸಲ ಕೂಡಿದವು. ಇದನ್ನು ಗುರುತಿಸುವುದು ಸುಲಭ ಇತ್ತು, ವ್ಯತ್ಯಾಸ ಆ ದಿನದ ಅವರ ಸಾಲುಗಳ ಮೊತ್ತಕ್ಕೆ ಸರಿಯಾಗಿ ಸಮ.

9 ಜನರದ್ದು ತಿದ್ದಿದ ಸಾಲು, ಆ ಹಿರಿಯರದ್ದೂ ಸೇರಿ.

ಇನ್ನಿಬ್ಬರದ್ದು ಗೊತ್ತಾಗುತ್ತಿಲ್ಲ. ಒಬ್ಬರಿಗೆ `baki`ಯಲ್ಲಿ ₹3,400 ಕಡಿಮೆ ಇದೆ, ಇನ್ನೊಬ್ಬರಿಗೆ ₹1,250 ಕಡಿಮೆ.

ಯಾಣದಾರಿ

ನನ್ನ ಮೂರು ಕಡೆಯ ಸ್ಕ್ರಿಪ್ಟ್‌ಗಳನ್ನು ಇವತ್ತು ತೆರೆದು ನೋಡಿದೆ. ಎರಡರಲ್ಲಿ ಹಳೆಯ ಮೊತ್ತ ಕಳೆಯದೆ ಹೊಸದನ್ನು ಕೂಡಿಸುತ್ತಿದ್ದೇನೆ. ಹೇಳಿದ್ದಕ್ಕೆ ಧನ್ಯವಾದ ಅಘನಾಶಿನಿ ಅವರೇ.

ಆದರೆ ಒಂದು ಮಾತು. ಸಾಲು 9 ಲಕ್ಷ ಇರುವಾಗ 3 ಸೆಕೆಂಡ್. ನನ್ನ ಒಂದು ಕಡೆ 14 ಕೋಟಿ ಸಾಲು ಇದೆ, ಅಲ್ಲಿ ದಿನವೂ ಮೊದಲಿಂದ ಮಾಡಲು ಆಗುವುದಿಲ್ಲ. ಅಲ್ಲಿ ಏನು ಮಾಡಲಿ?

ಅಘನಾಶಿನಿ

ಅಲ್ಲಿ ದಿನಕ್ಕೊಂದು ಮೊತ್ತ ಇಡಿ, ಪೂರ್ತಿಗೆ ಒಂದೇ ಮೊತ್ತ ಬೇಡ. ಪ್ರತಿ ರಾತ್ರಿ ಕೊನೆಯ 45 ದಿನದ ಮೊತ್ತಗಳನ್ನು ಅಳಿಸಿ ಮೂಲದಿಂದ ಮತ್ತೆ ಬರೆಯಿರಿ. ತಡವಾಗಿ ಬಂದದ್ದು, ತಿದ್ದಿದ್ದು, ಅಳಿಸಿದ್ದು ಆ 45 ದಿನದ ಒಳಗಿನದ್ದಾದರೆ ತಾನಾಗಿ ಸರಿಯಾಗುತ್ತದೆ. 45 ಎನ್ನುವುದು ನಾನು ಸುಮ್ನೆ ಹೇಳಿದ ಸಂಖ್ಯೆ. ನಿಮ್ಮಲ್ಲಿ ಎಷ್ಟು ಹಳೆಯ ತಾರೀಕಿನ ಸಾಲನ್ನು ಜನ ತಿದ್ದುತ್ತಾರೆ ಅಂತ ನೋಡಿ ಅದಕ್ಕಿಂತ ಜಾಸ್ತಿ ಇಡಿ. ವಾರಕ್ಕೊಮ್ಮೆ ಪೂರ್ತಿ ಕೂಡಿಸಿ ತಾಳೆ ನೋಡಿ, ಆ ವಾರದ ಕೆಲಸಕ್ಕೆ ಒಂದು ಗಂಟೆ ಹಿಡಿದರೂ ಯಾರಿಗೂ ತೊಂದರೆ ಇಲ್ಲ. 45 ದಿನದ ಆಚೆ ವ್ಯತ್ಯಾಸ ಕಂಡರೆ ಯಾರೋ ಬಹಳ ಹಳೆಯದನ್ನು ಮುಟ್ಟಿದ್ದಾರೆ ಅಂತ.

ತೋಟದಂಚು ಅವರೇ, ₹3,400ರವರದ್ದು ಅಳಿಸಿದ ಸಾಲು ಇರಬೇಕು. ಖರ್ಚಿನ ಸಾಲೊಂದು ಕೂಡಿಸಿಕೊಂಡ ಮೇಲೆ ಅಳಿಸಿದ್ದಾರೆ. ನಂಬರ್‌ಗಳಲ್ಲಿ ಖಾಲಿ ಜಾಗ ಇದೆಯಾ ನೋಡಿ. ಖಾಲಿ ಇದ್ದ ಮಾತ್ರಕ್ಕೆ ಅಳಿಸಿದ್ದು ಅಂತ ಖಾತ್ರಿ ಇಲ್ಲ, ಕಮಿಟ್ ಆಗದೆ ಬಿಟ್ಟ ಟ್ರಾನ್ಸಾಕ್ಷನ್‌ನಿಂದಲೂ ನಂಬರ್ ಹಾರಿಹೋಗುತ್ತದೆ. ಹಳೆಯ ಬ್ಯಾಕಪ್‌ನಲ್ಲಿ ಹುಡುಕಿ.

₹1,250ರದ್ದು ಬೇರೆ ಅನುಮಾನ. ಆ ಸದಸ್ಯರ ಸಾಲುಗಳಲ್ಲಿ `jama` ಅಥವಾ `kharchu` ಖಾಲಿ ಇರುವುದು ಏನಾದರೂ ಇದೆಯಾ?

ತೋಟದಂಚು (ಶಿರಸಿ)

ಇದೆ! ಒಂದು ಕಿರಾಣಿ ಉದ್ರಿ, ಯಾರೋ ಕೈಯಿಂದ ಸೇರಿಸಿದ ಸಾಲು. `kharchu` 1250, `jama` ಸೊನ್ನೆ ಅಲ್ಲ, `NULL`.

ಹಳೆಯ ಪೈಥಾನ್ ಕೋಡ್ ಖಾಲಿಯನ್ನು ಸೊನ್ನೆ ಅಂತ ತಿಳಿದು ಸರಿಯಾಗಿ ಕಳೆದಿತ್ತು. ಹೊಸ ಎಸ್‌ಕ್ಯೂಎಲ್‌ನಲ್ಲಿ `NULL - 1250` ಕೂಡ `NULL` ಆಗುತ್ತದೆ, `SUM` ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಂದರೆ ಈ ಒಬ್ಬರ ವಿಷಯದಲ್ಲಿ ಚಿಕ್ಕ ಟೇಬಲ್ ಸರಿ, ಮೊದಲಿಂದ ಕೂಡಿದ್ದೇ ತಪ್ಪು. ನಿನ್ನೆ ಕಣ್ಣು ಮುಚ್ಚಿ ಬದಲಾಯಿಸಿದ್ದರೆ ಅವರಿಗೆ ನಾನೇ ಹೊಸ ತಪ್ಪು ಮಾಡುತ್ತಿದ್ದೆ. `COALESCE(jama, 0) - COALESCE(kharchu, 0)` ಮಾಡಿದೆ, ತಾಳೆ ಆಯಿತು.

₹3,400ರದ್ದು ಬ್ಯಾಕಪ್‌ನಲ್ಲಿ ಸಿಕ್ಕಿತು. ಗೊಬ್ಬರದ ಖರ್ಚು, ಬೇರೆಯವರದ್ದು ಇವರ ಹೆಸರಿಗೆ ಬಿದ್ದಿತ್ತು, ಅಳಿಸಿದ್ದಾರೆ.

ಕಿರ್ದಿಪುಸ್ತಕ

ಸಂತೋಷ ಆಯಿತು. ಈಗ ನನ್ನ ಚಿಂತೆ ಬೇರೆ. ದಿನವೂ ಮೊದಲಿಂದ ಕೂಡುತ್ತೀಯ ಅಂದರೆ, ಆಡಿಟ್ ಆದ ವರ್ಷದ ಲೆಕ್ಕವೂ ದಿನವೂ ಹೊಸದಾಗಿ ಹುಟ್ಟುತ್ತದೆ ಅಂತ ಆಯಿತಲ್ಲ. ಮೂರು ವರ್ಷದ ಹಿಂದಿನ ಸಾಲನ್ನು ಇವತ್ತು ಯಾರಾದರೂ ತಿದ್ದಿದರೆ ಇವತ್ತಿನ ಬಾಕಿ ಬದಲಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಾಲದಲ್ಲಿ ಮಾರ್ಚ್ 31ರ ಶಿಲ್ಕಿಗೆ ಆಡಿಟರ್ ಸಹಿ ಬಿದ್ದರೆ ಮುಗಿಯಿತು. ಆ ಸಂಖ್ಯೆಯನ್ನು ಮತ್ತೆ ಯಾರೂ ಕೂಡುವುದಲ್ಲ.

ಅಘನಾಶಿನಿ

ನಾನು 3 ಸೆಕೆಂಡ್ ಎನ್ನುವುದರ ಮೇಲೇ ಗಮನ ಇಟ್ಟಿದ್ದೆ. ನೀವು ಹೇಳುತ್ತಿರುವುದು ವೇಗದ ಮಾತೇ ಅಲ್ಲ, ಸಹಿ ಬಿದ್ದ ಸಂಖ್ಯೆಯ ಮಾತು. ಒಪ್ಪುತ್ತೇನೆ. ಅದು ಗೇರುಸೊಪ್ಪೆ ಅಕ್ಕನ ಮಳೆಯ ಜಾತಿಗೆ ಸೇರಿದ್ದು. ಸಹಿ ಬಿದ್ದಿದೆ ಎನ್ನುವ ಸಂಗತಿ `vyavahara` ಟೇಬಲ್‌ನಲ್ಲಿ ಎಲ್ಲೂ ಇಲ್ಲ.

ಆದರೂ ಆ ಶಿಲ್ಕಿನಿಂದ ಮುಂದೆ ಕೂಡುವುದಕ್ಕಿಂತ, ಎರಡನ್ನೂ ಇಟ್ಟು ತಾಳೆ ನೋಡುವುದು ನನಗೆ ಇಷ್ಟ. ಮಾರ್ಚ್ 31ರ ಶಿಲ್ಕು ಬೇರೆ ಟೇಬಲ್‌ನಲ್ಲಿ ಇರಲಿ, ಯಾವ ಸ್ಕ್ರಿಪ್ಟ್‌ಗೂ ಅದನ್ನು ಬರೆಯುವ ಅನುಮತಿ ಬೇಡ. ರಾತ್ರಿ ಮೂಲದಿಂದ ಕೂಡುವಾಗ ಮಾರ್ಚ್ 31ರವರೆಗಿನ ಮೊತ್ತ ಅದಕ್ಕೆ ಸಮ ಇದೆಯಾ ನೋಡಲಿ. ಇಲ್ಲದಿದ್ದರೆ ಅಲ್ಲೇ ನಿಲ್ಲಲಿ, ಎಸ್‌ಎಂಎಸ್ ಕಳಿಸುವುದು ಬೇಡ.

ತೋಟದಂಚು (ಶಿರಸಿ)

ಹಾಗೇ ಮಾಡಿದೆ. ಜೊತೆಗೆ ಕೌಂಟರ್ ಲಾಗಿನ್‌ಗೆ ನಿನ್ನೆಯವರೆಗಿನ ಸಾಲು ತಿದ್ದುವ ಅನುಮತಿ ತೆಗೆದಿದ್ದೇನೆ. ಮಾವ ಹೇಳಿದ ಹಾಗೆ ಇವತ್ತಿನ ತಾರೀಕಿಗೆ ಉಲ್ಟಾ ಸಾಲು, ಪಕ್ಕದಲ್ಲಿ ಷರಾ. ಮೊದಲ ದಿನ ಕೌಂಟರ್‌ನವರು ಬೇಸರ ಮಾಡಿಕೊಂಡರು. ಈಗ ಅವರೇ ಷರಾ ಚೆನ್ನಾಗಿ ಬರೆಯುತ್ತಿದ್ದಾರೆ.

ಇನ್ನು ಉಳಿದದ್ದು ಎಸ್‌ಎಂಎಸ್. ಬಾಕಿ ಮೊದಲಿಂದ ಕೂಡಬಹುದು, ಆದರೆ ಯಾರಿಗೆ ಕಳಿಸಿ ಆಯಿತು ಎನ್ನುವುದನ್ನು ಕೂಡಲು ಬರುವುದಿಲ್ಲ. ಅದಕ್ಕೆ `sms_kalisida` ಅಂತ ಟೇಬಲ್ ಇಟ್ಟಿದ್ದೇನೆ, ಸದಸ್ಯ ಮತ್ತು ದಿನ ಸೇರಿ ಕೀ. ಪ್ರಶ್ನೆ ಏನೆಂದರೆ, ಮೊದಲು ಕಳಿಸಿ ಆಮೇಲೆ ಬರೆದುಕೊಳ್ಳಲಾ, ಮೊದಲು ಬರೆದುಕೊಂಡು ಆಮೇಲೆ ಕಳಿಸಲಾ?

ಯಾಣದಾರಿ

ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಿ.

ಅಘನಾಶಿನಿ

ಎಸ್‌ಎಂಎಸ್ ನಿಮ್ಮ ಡೇಟಾಬೇಸ್‌ನ ಹೊರಗೆ ಹೋಗುವಂಥದ್ದು. ಹೋದದ್ದನ್ನು ರೋಲ್‌ಬ್ಯಾಕ್ ಮಾಡಲು ಬರುವುದಿಲ್ಲ. ಕಳಿಸಿದ ಮೇಲೆ ಬರೆಯುವ ಮೊದಲು ಕರೆಂಟ್ ಹೋದರೆ ಎರಡು ಸಲ ಹೋಗುತ್ತದೆ. ಬರೆದ ಮೇಲೆ ಕಳಿಸುವ ಮೊದಲು ಹೋದರೆ ಒಂದೂ ಹೋಗುವುದಿಲ್ಲ. ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು. ಬಾಕಿ ತಿಳಿಸುವ ಸಂದೇಶ ಎರಡು ಸಲ ಬಂದರೆ ನಷ್ಟ ಇಲ್ಲ. ನಾನಾದರೆ ಮೊದಲು ಕಳಿಸುತ್ತೇನೆ.

ಬೈತ್ಕೋಲ್ (ಕಾರವಾರ)

ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಒಂದು ಸಲ ಹರಾಜಿನ ಹಣ ಜಮಾ ಆಯಿತು ಅಂತ ಒಬ್ಬರಿಗೆ ಎರಡು ಸಂದೇಶ ಹೋಯಿತು. ಅವರು ಎರಡು ಸಲ ಜಮಾ ಆಗಿದೆ ಅಂತ ತಿಳಿದು ಬಲೆಗೆ ಮುಂಗಡ ಕೊಟ್ಟುಬಿಟ್ಟರು. ಹಣದ ಸಂದೇಶ ಒಂದು ಕಡಿಮೆ ಹೋದರೆ ಜನ ಬಂದು ಕೇಳುತ್ತಾರೆ. ಎರಡು ಹೋದರೆ ಕೇಳದೇ ಖರ್ಚು ಮಾಡುತ್ತಾರೆ.

ಗೇರುಸೊಪ್ಪೆ

ಸಂದೇಶದಲ್ಲಿ "ಜಮಾ ಆಯಿತು" ಅನ್ನುವ ಬದಲು "ಇಂಥ ತಾರೀಕಿಗೆ ನಿಮ್ಮ ಬಾಕಿ ಇಷ್ಟು" ಅಂತ ಇದ್ದರೆ ಎರಡು ಸಲ ಬಂದರೂ ಅರ್ಥ ಒಂದೇ ಅಲ್ವಾ?

ತೋಟದಂಚು (ಶಿರಸಿ)

ನಮ್ಮದರಲ್ಲಿ ಎರಡೂ ಇದೆ, ಮೊದಲ ಸಾಲಿನಲ್ಲಿ ಜಮಾ, ಎರಡನೆಯದರಲ್ಲಿ ಬಾಕಿ. ಮೊದಲ ಸಾಲು ತೆಗೆಯೋಣ ಅಂತ ಹೇಳಿದರೆ ಸೊಸೈಟಿಯವರು ಒಪ್ಪುತ್ತಾರೋ ನೋಡಬೇಕು, ಅಡಿಕೆ ಮಾರಿದ ದಿನ ಎಲ್ಲರೂ ಕಾಯುವುದೇ ಆ ಸಾಲಿಗೆ. ಸೋಮವಾರ ಮೀಟಿಂಗ್ ಇದೆ, ಅಲ್ಲಿ ಕೇಳುತ್ತೇನೆ. ಅಲ್ಲಿಯವರೆಗೆ ಎಸ್‌ಎಂಎಸ್ ನಿಲ್ಲಿಸಿದ್ದೇನೆ. ಆ 74 ಜನರಲ್ಲಿ ಬಾಕಿ ಬದಲಾಗುವ 73 ಜನರ ಪಟ್ಟಿ ಕೌಂಟರಿಗೆ ಕೊಟ್ಟಿದ್ದೇನೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತಿದ್ದಾರೆ. ಇವತ್ತು ಸಂಜೆಗೆ 30 ಆಯಿತು.